ಗೋಡೆಯ ವೇಳಾಪಟ್ಟಿಯೂ ಅಡುಗೆಮನೆಯ ನಾಲ್ಕು ಚೀಟಿಗಳೂ

ದುಡಿಯುವ ತಂದೆತಾಯಂದಿರಿಗೆ ಸಮಯಪಾಲನೆಯನ್ನು ಕಲಿಸುವ ಚಿತ್ರಫಲಕಗಳು ಈಚೆಗೆ ಮೊಬೈಲಿನಲ್ಲಿ ಧಾರಾಳವಾಗಿ ಸಂಚರಿಸುತ್ತಿವೆ. ಬೆರಳಿನಿಂದ ಸರಿಸಿದಂತೆ ಒಂದರ ಹಿಂದೊಂದು ಫಲಕ ಬರುತ್ತದೆ. ಬೆಳಿಗ್ಗೆ 5ಕ್ಕೆ ಏಳುವುದು, 5.15ಕ್ಕೆ ವ್ಯಾಯಾಮ, 6ಕ್ಕೆ ಅಡುಗೆ, 7ಕ್ಕೆ ಮಕ್ಕಳೊಡನೆ ನಗುನಗುತ್ತ ಉಪಾಹಾರ. ಹೀಗೆ ಸಾಗಿ ರಾತ್ರಿ 9.30ಕ್ಕೆ ದೀಪ ಆರುತ್ತದೆ. ಹತ್ತು ಫಲಕಗಳಲ್ಲಿ ದಿನವೊಂದು ಮುಗಿಯುತ್ತದೆ. ಆ ದಿನದಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾಗುವುದಿಲ್ಲ, ರೈಲು ತಡವಾಗುವುದಿಲ್ಲ, ನಾಲ್ಕು ವರ್ಷದ ಮಗು ಚಪ್ಪಲಿಯ ಒಂದು ಕಾಲನ್ನು ಮಂಚದ ಕೆಳಗೆ ಎಸೆಯುವುದೂ ಇಲ್ಲ. ಇಂಥ ಪಟ್ಟಿಯನ್ನು ಶ್ರದ್ಧೆಯಿಂದ ಬರೆದು ಗೋಡೆಗೆ ಅಂಟಿಸಿದ ಮನೆಗಳು ಹಲವು. ಮೂರನೆಯ ದಿನ ಅದು ತಪ್ಪುತ್ತದೆ, ಎರಡನೆಯ ವಾರದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಉಳಿಯುವುದು ತಮ್ಮಲ್ಲೇ ಶಿಸ್ತಿಲ್ಲವೆಂಬ ಅಳುಕು. ದೋಷವಿರುವುದು ಶಿಸ್ತಿನಲ್ಲಲ್ಲ, ಪಟ್ಟಿಯ ಲೆಕ್ಕದಲ್ಲಿ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಚಿಕ್ಕದಾದ, ನಡೆಯಬಲ್ಲ ದಿನಚರಿಯ ದಾರಿ ತಾನಾಗಿ ಕಾಣುತ್ತದೆ.

ಕುಂಬಳೆಯ ಕಡೆಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆಗೆ ಮಂಗಳೂರಿನಲ್ಲಿ ಉದ್ಯೋಗ. ಬೆಳಿಗ್ಗೆ 7ಕ್ಕೆ ರೈಲುನಿಲ್ದಾಣಕ್ಕೆ ಹೊರಟರೆ ಮರಳುವುದು ರಾತ್ರಿ 7.15ರ ಸುಮಾರಿಗೆ. ತಾಯಿ ಕಾಸರಗೋಡು ಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತೆ, 8.50ಕ್ಕೆ ಮನೆ ಬಿಡಬೇಕು, ಸಂಜೆ 5.45ಕ್ಕೆ ಬರುತ್ತಾಳೆ. ಹಿರಿಯ ಮಗಳು ನಾಲ್ಕನೆಯ ತರಗತಿ, ಕಿರಿಯವನು ಅಂಗನವಾಡಿ. ಶಾಲೆ, ಅಂಗನವಾಡಿಗಳ ಹಿಂದುಮುಂದಿನ ಹೊತ್ತಿನಲ್ಲಿ ಮಕ್ಕಳು ಪಕ್ಕದ ಮನೆಯ ದೊಡ್ಡಮ್ಮನ ಬಳಿ ಇರುತ್ತಾರೆ. ಅಜ್ಜಿಯಿಲ್ಲ, ಕೆಲಸದವರಿಲ್ಲ.

ತಾಯಿ ಏಳುವುದು 5.45ಕ್ಕೆ. ಅಲ್ಲಿಂದ 8.50ರ ತನಕ 185 ನಿಮಿಷಗಳಿವೆ. ಗೋಡೆಯ ಪಟ್ಟಿಯಲ್ಲಿ ಅವಳಿಗೆ 180 ನಿಮಿಷಗಳ ಕೆಲಸ ಬರೆದಿತ್ತು. ಐದು ನಿಮಿಷ ಉಳಿಯಬೇಕಿತ್ತು. ಆದರೂ ದಿನವೂ ಸುಮಾರು ಇಪ್ಪತ್ತು ನಿಮಿಷ ತಡ, ದಿನವೂ ಓಟ, ದಿನವೂ ಹೊಸ್ತಿಲಲ್ಲಿ ಒಂದು ಗದರಿಕೆ. ಇಂಥಲ್ಲಿ ಮೊದಲು ಮಾಡಬೇಕಾದದ್ದು ಹೊಸ ಪಟ್ಟಿಯಲ್ಲ. ಮೂರು ದಿನ ಏನನ್ನೂ ಬದಲಿಸದೆ, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ, ಯಾವ ಕೆಲಸ ಎಷ್ಟು ಹೊತ್ತು ತಿಂದಿತೆಂದು ಗುರುತಿಸಿಡಬೇಕು. ನಿಮಿಷ ತಪ್ಪಿದರೂ ಅಡ್ಡಿಯಿಲ್ಲ, ಅಂದಾಜು ಸಾಕು.

ಹಾಗೆ ಗುರುತಿಸಿದಾಗ ಹೊರಬಂದದ್ದು ಹೀಗೆ. ಪಟ್ಟಿಯಲ್ಲಿದ್ದ ಕೆಲಸಗಳು ವಾಸ್ತವವಾಗಿ 165 ನಿಮಿಷಗಳಲ್ಲೇ ಮುಗಿಯುತ್ತಿದ್ದವು. ಕೈ ಪಳಗಿದ ಹೆಂಗಸು, ಪಟ್ಟಿಗಿಂತ ಚುರುಕಾಗಿಯೇ ಇದ್ದಳು. ಆದರೆ ಪಟ್ಟಿಯಲ್ಲಿ ಇಲ್ಲವೇ ಇಲ್ಲದ 40 ನಿಮಿಷಗಳಿದ್ದವು. ಹುಡುಕಾಟಕ್ಕೆ 15: ಕಾಲುಚೀಲ, ನೀರಿನ ಬಾಟಲಿ, ಸಹಿ ಹಾಕಬೇಕಾದ ಚೀಟಿ. ಕಿರಿಯವನನ್ನು ಎಬ್ಬಿಸಿ, ತೊಡೆಯ ಮೇಲೆ ಕೂರಿಸಿ, ಅಳು ನಿಲ್ಲಿಸಲು 12. ಶಾಲೆಯ ವಾಟ್ಸ್‌ಆಪ್ ಗುಂಪಿನ ಸಂದೇಶ ಓದಿ, ಅದರಲ್ಲಿ ಮಲಯಾಳದಲ್ಲಿ ಬಂದ ಸುತ್ತೋಲೆಯ ಅರ್ಥ ಬಿಡಿಸಲು 8. ಹಾಲಿನವರು, ಮೀನಿನವರು, ಗೇಟಿನ ಬಳಿ ಬಂದ ಇನ್ನಾರೋ, ಒಟ್ಟು 5. ಕೂಡಿಸಿದರೆ 205 ನಿಮಿಷ. ಇಪ್ಪತ್ತು ನಿಮಿಷದ ತಡ ಬಂದದ್ದು ಇಲ್ಲಿಂದಲೇ, ಸೋಮಾರಿತನದಿಂದಲ್ಲ. ವೇಳಾಪಟ್ಟಿಗಳು ಕೆಲಸಗಳನ್ನು ಎಣಿಸುತ್ತವೆ, ಕೆಲಸಗಳ ನಡುವಿನ ಸಂದುಗಳನ್ನು ಎಣಿಸುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಹೊತ್ತು ಸೋರುವುದು ಆ ಸಂದುಗಳಲ್ಲೇ.

ಈ ನಲವತ್ತರಲ್ಲಿ ಯಾವುದನ್ನು ಕಡಿಯಬಹುದು, ಯಾವುದನ್ನು ಕಡಿಯಬಾರದು ಎಂಬುದು ಮುಂದಿನ ಪ್ರಶ್ನೆ. ಮಗುವನ್ನು ಎಬ್ಬಿಸುವ 12 ನಿಮಿಷಗಳನ್ನು 5ಕ್ಕೆ ಇಳಿಸಲು ಹೊರಟವರು ಸಾಮಾನ್ಯವಾಗಿ ಸೋಲುತ್ತಾರೆ. ಅವಸರಿಸಿದ ಮಗು ಹಲ್ಲುಜ್ಜುವಲ್ಲೋ ಅಂಗಿ ತೊಡುವಲ್ಲೋ ಆ ಏಳು ನಿಮಿಷವನ್ನು ಬಡ್ಡಿಸಹಿತ ವಸೂಲು ಮಾಡುತ್ತದೆ. ಅದನ್ನು ಕೆಲಸವೆಂದೇ ಒಪ್ಪಿ ಪಟ್ಟಿಗೆ ಸೇರಿಸುವುದು ಲೇಸು. ಗೇಟಿನ ಬಳಿಯ 5 ನಿಮಿಷವೂ ಇರಲಿ. ಹುಡುಕಾಟ ಮಾತ್ರ ರಾತ್ರಿಗೆ ಹೋಗಬಲ್ಲದು. ಬೆಳಿಗ್ಗೆ 15 ನಿಮಿಷ ಬೇಡುವ ಹುಡುಕಾಟಕ್ಕೆ ರಾತ್ರಿ ಆರೇಳು ನಿಮಿಷ ಸಾಕು, ಏಕೆಂದರೆ ಆಗ ಯಾರೂ ಅಳುತ್ತಿರುವುದಿಲ್ಲ, ಕುಕ್ಕರ್ ಕೂಗುತ್ತಿರುವುದಿಲ್ಲ. ಬೆಳಿಗ್ಗೆಗೆ ಹುಡುಕಾಟದ ಪಾಲು 3 ನಿಮಿಷವೆಂದು ಇಟ್ಟುಕೊಳ್ಳಬಹುದು. ಸಂದೇಶ ಓದುವ 8 ನಿಮಿಷವೂ ರಾತ್ರಿಗೆ ಸರಿಯಿತು. ಈಗ 165, 12, 5, 3 ಸೇರಿ 185. ಲೆಕ್ಕ ಸರಿಹೊಂದಿತೆಂದು ಇಲ್ಲಿಗೇ ನಿಲ್ಲಿಸಿದರೆ ಮತ್ತೆ ಗೋಡೆಯ ಪಟ್ಟಿಯೇ ಆದೀತು. 185ರಲ್ಲಿ 185 ತುಂಬಿದ ದಿನ, ಹಾಲು ಉಕ್ಕಿದರೂ ಸಾಕು, ಮುರಿಯುತ್ತದೆ. ಆದುದರಿಂದ ಇನ್ನೊಂದು ಕೆಲಸ ಹೊರಹೋಗಬೇಕು. ತೆಂಗಿನಕಾಯಿ ತುರಿಯುವುದು, ಪಲ್ಯಕ್ಕೆ ಹೆಚ್ಚುವುದು ಎರಡೂ ಸೇರಿ 15 ನಿಮಿಷ. ಅದನ್ನು ರಾತ್ರಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ 170 ನಿಮಿಷದ ಕೆಲಸ, 15 ನಿಮಿಷದ ಬಿಡುವು. ಈ ಬಿಡುವಿಗೆ ಯಾವ ಕೆಲಸವನ್ನೂ ಹಂಚಿಕೊಡಬಾರದು. ಅದು ಖಾಲಿ ಇರುವುದರಿಂದಲೇ ಉಳಿದದ್ದು ನಡೆಯುತ್ತದೆ. ಮಳೆಗಾಲದ ರಾತ್ರಿಗಳಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಮಾತ್ರ ತುರಿದ ಕಾಯಿಯನ್ನು ನಂಬುವಂತಿಲ್ಲ. ಅಲ್ಲಿ ತರಕಾರಿಯನ್ನಷ್ಟೇ ಹೆಚ್ಚಿಟ್ಟು ಕಾಯಿಯಿಲ್ಲದ ಪದಾರ್ಥ ಮಾಡಿಕೊಳ್ಳುವುದೇ ಸರಿ.

ಅಡುಗೆಯ ಹೊರೆಯೇ ಎಷ್ಟೋ ಮನೆಗಳಲ್ಲಿ ಅಗತ್ಯಕ್ಕಿಂತ ದೊಡ್ಡದಾಗಿರುತ್ತದೆ. ಅಂಗನವಾಡಿಯಲ್ಲಿಯೂ, ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗೂ ಮಧ್ಯಾಹ್ನದ ಊಟ ಸಿಗುತ್ತದೆ. ಆ ಮಕ್ಕಳಿಗೆ ಬೇರೆ ಬುತ್ತಿ ಕಟ್ಟಬೇಕಾದ ನಿರ್ಬಂಧವಿಲ್ಲ; ಕಟ್ಟಬೇಕಾದದ್ದು ಇಬ್ಬರು ದೊಡ್ಡವರಿಗೆ ಮಾತ್ರ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕೆಂಬುದು ನಿಜ. ಅದಕ್ಕೆ ಕೇರಳದ ಅಡುಗೆಮನೆಗಳಲ್ಲಿ ಬಹಳ ಹಿಂದೆಯೇ ಸೇರಿಕೊಂಡ ಉಪಾಯವೆಂದರೆ ಬಿಸಿ ಹಿಡಿದಿಡುವ ಪೆಟ್ಟಿಗೆ, ಅಂಗಡಿಯವರು ಥರ್ಮಲ್ ಕುಕ್ಕರ್ ಎನ್ನುವುದು. ಅಕ್ಕಿ ಚೆನ್ನಾಗಿ ಕುದಿ ಬಂದು ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ. ಏಳುತ್ತಲೇ ಎಸರಿಟ್ಟು ಬೇಗನೆ ಪೆಟ್ಟಿಗೆಗೆ ಸೇರಿಸಿದರೆ ಬುತ್ತಿ ಕಟ್ಟುವ ಹೊತ್ತಿಗೆ ಅನ್ನ ಸಿದ್ಧ. ನಡುವೆ ಒಲೆಯೂ ಬಿಡುವು, ಕಣ್ಣೂ ಬಿಡುವು. ತಂದೆ ಬೇಗ ಹೊರಡುವ ಮನೆಯಲ್ಲಿ ಅವರ ಬುತ್ತಿಗೆ ದೋಸೆಯೋ ಚಪಾತಿಯೋ ಆಗಬೇಕಾದೀತು. ರಾತ್ರಿಯೇ ಬೇಯಿಸಿ ಬೆಳಗಿನ ತನಕ ಪೆಟ್ಟಿಗೆಯಲ್ಲಿ ಬಿಡುವವರೂ ಇದ್ದಾರೆ. ಅದು ಬೇಡ. ಉಗುರುಬೆಚ್ಚಗೆ ತಾಸುಗಟ್ಟಲೆ ಉಳಿದ ಅನ್ನ ಹೊಟ್ಟೆ ಕೆಡಿಸಬಹುದು.

ರಾತ್ರಿಗೆ ಸರಿದ ಈ ಕೆಲಸಗಳನ್ನು ಯಾರು ಮಾಡಬೇಕು? ತಾಯಿಯೇ ಮಾಡುವುದಾದರೆ ಬೆಳಗಿನ ಹೊರೆ ರಾತ್ರಿಗೆ ಹೊರಳಿತೇ ಹೊರತು ಇಳಿಯಲಿಲ್ಲ. ದೇಶದಲ್ಲಿ 2024ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಅದರಲ್ಲಿ ಕಳೆಯುತ್ತಾರೆ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಆಗಿದ್ದವು. ಐದು ವರ್ಷಗಳಲ್ಲಿ ಇಬ್ಬರ ಕೆಲಸವೂ ತುಸು ಕಡಿಮೆಯಾಯಿತು, ನಡುವಿನ ಅಂತರ ಮಾತ್ರ ಕದಲಲಿಲ್ಲ. ಉದಾಹರಣೆಯ ಮನೆಯಲ್ಲಿ ರಾತ್ರಿಯ ಕೆಲಸ ಪೂರ್ತಿಯಾಗಿ ತಂದೆಯದಾಯಿತು.

ಪೂರ್ತಿಯಾಗಿ ಎಂಬ ಮಾತಿಗೆ ಇಲ್ಲಿ ಅರ್ಥವಿದೆ. ಮನೆಗೆಲಸದಲ್ಲಿ ಕೈಗೆ ಕಾಣುವ ಭಾಗದ ಹಿಂದೆ ಕಾಣದ ಭಾಗವೊಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಗರ್ 2019ರ ತಮ್ಮ ಅಧ್ಯಯನದಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದ್ದಾರೆ: ಬೇಕಾಗುವುದನ್ನು ಮುಂಚಿತವಾಗಿ ಊಹಿಸುವುದು, ಅದಕ್ಕಿರುವ ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಎಂದು ಗಮನವಿಡುವುದು. ಅವರು ಮಾತಾಡಿಸಿದ ದಂಪತಿಗಳಲ್ಲಿ ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಡತಿಯ ಪಾಲಿಗೇ ಬಿದ್ದಿದ್ದವು. ಕನ್ನಡದ ಮನೆಗಳಲ್ಲಿ ಇದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. “ಬಾಟಲಿ ತೊಳೆದಿರಾ? ನಾಳೆ ಶುಕ್ರವಾರ, ಬಿಳಿ ಅಂಗಿ ಬೇಕಲ್ಲ, ನೋಡಿದಿರಾ?” ಎಂದು ಹಾಸಿಗೆಯಿಂದಲೇ ಕೇಳಬೇಕಾಗುವ ತನಕ ಕೆಲಸ ಗಂಡನ ಕೈಗೆ ಹೋಗಿದೆ, ನೆನಪು ಮಾತ್ರ ಅವಳ ತಲೆಯಲ್ಲೇ ಇದೆ. ಹಾಗಾದರೆ ಅವಳಿಗೆ ಮಿಕ್ಕ ಹೊತ್ತು ಬಹಳವಿಲ್ಲ. ಆದುದರಿಂದ ರಾತ್ರಿಯ ಪಾಳಿ ಯಾರದೋ, ಶಾಲೆಯ ಗುಂಪಿನ ಸಂದೇಶವನ್ನು ಓದುವುದೂ ಅವರದೇ. ನಾಳೆ ಯಾವ ಅಂಗಿ ಎಂದು ತಿಳಿದಿರುವುದೂ ಅವರದೇ. ಮೊದಲ ವಾರ ಏನಾದರೂ ಮರೆತೇ ಮರೆಯುತ್ತದೆ. ಮಗಳು ಚಿತ್ರಪುಸ್ತಕವಿಲ್ಲದೆ ಒಂದು ದಿನ ಶಾಲೆಗೆ ಹೋದರೆ ಆಕಾಶ ಬೀಳುವುದಿಲ್ಲ, ತಾಯಿ ಎದ್ದು ಸರಿಪಡಿಸಬೇಕಾಗಿಲ್ಲ. ಔಷಧದ ವಿಷಯ ಮಾತ್ರ ಈ ರಿಯಾಯಿತಿಗೆ ಹೊರತು. ಅದನ್ನು ಇಬ್ಬರೂ ನೋಡಿಕೊಳ್ಳಬೇಕು.

ಈ ಪಾಳಿ ಎಷ್ಟು ಗಂಟೆಗೆ ಆರಂಭವಾಗಬೇಕೆಂದು ಬರೆಯದಿರುವುದೇ ಒಳ್ಳೆಯದು. “ರಾತ್ರಿ 9ಕ್ಕೆ” ಎಂದು ಬರೆದರೆ ರೈಲು ತಡವಾದ ದಿನ 9 ದಾಟಿಹೋಗುತ್ತದೆ, ದಾಟಿದ ಮೇಲೆ ಇವತ್ತಿಗೆ ಬಿಡೋಣವೆಂದಾಗುತ್ತದೆ. “ಊಟದ ಬಟ್ಟಲುಗಳನ್ನು ತೊಳೆದು ಕವುಚಿಟ್ಟ ಕೂಡಲೇ” ಎಂದು ಬರೆದರೆ, ಊಟ 8ಕ್ಕಾಗಲಿ 9.30ಕ್ಕಾಗಲಿ, ಅದರ ಬೆನ್ನಿಗೇ ಕೈ ಮುಂದಿನ ಕೆಲಸಕ್ಕೆ ಹೋಗುತ್ತದೆ. ಇಂಥದು ಆದಾಗ ಇಂಥದನ್ನು ಮಾಡುವೆನೆಂದು ಮೊದಲೇ ಗಂಟುಹಾಕಿಟ್ಟ ಸಂಕಲ್ಪ, ಬರಿಯ ಸಂಕಲ್ಪಕ್ಕಿಂತ ಹೆಚ್ಚಾಗಿ ನೆರವೇರುತ್ತದೆಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದಲೂ ಪ್ರಯೋಗಗಳ ಮೂಲಕ ತೋರಿಸುತ್ತ ಬಂದಿದ್ದಾರೆ. ಗಂಟುಹಾಕುವ ಗೂಟವನ್ನು ಮಾತ್ರ ನೋಡಿ ಆರಿಸಬೇಕು. ಅದು ದಿನವೂ ತಪ್ಪದೆ ನಡೆಯುವಂಥದಾಗಿರಬೇಕು, ಕೆಲಸ ನಡೆಯುವ ಜಾಗದ ಹತ್ತಿರವೇ ಇರಬೇಕು. ರೈಲಿನ ಸದ್ದು ಗೂಟವಾಗದು, ಅದು ರೈಲ್ವೆಯವರ ಕೈಯಲ್ಲಿದೆ. ಟಿವಿಯ ಧಾರಾವಾಹಿಯೂ ಆಗದು, ಭಾನುವಾರ ಅದಿರುವುದಿಲ್ಲ.

ಹೀಗೆ ಗೋಡೆಯ ಪಟ್ಟಿ ಹೋಗಿ ಫ್ರಿಜ್ಜಿನ ಬಾಗಿಲಿಗೆ ನಾಲ್ಕು ಚೀಟಿಗಳು ಬಂದವು. ಮೊಬೈಲಿನ ಹತ್ತು ಫಲಕಗಳಿಗೆ ಬದಲಾಗಿ ಮನೆಯವರೇ ಬರೆದ ನಾಲ್ಕು ಫಲಕಗಳೆಂದರೂ ಆದೀತು. ಒಂದೊಂದರಲ್ಲಿ ಮೂರೇ ಸಾಲು. ರಾತ್ರಿಯ ಚೀಟಿ ತಂದೆಯದು: ಬಟ್ಟಲು ಕವುಚಿದ ಮೇಲೆ ಸಂದೇಶ ನೋಡಿ ಚೀಲ, ಬಟ್ಟೆ, ಬಾಟಲಿಗಳನ್ನು ಬಾಗಿಲ ಬಳಿಯ ಬೆಂಚಿನ ಮೇಲಿಡುವುದು, ಕಾಯಿ ತುರಿದು ತರಕಾರಿ ಹೆಚ್ಚುವುದು, ದೋಸೆಹಿಟ್ಟು ಇದ್ದರೆ ಹೊರಗಿಡುವುದು. ಬೆಳಗಿನ ಚೀಟಿಯಲ್ಲಿ ಅನ್ನದ ಪೆಟ್ಟಿಗೆ, ಮಗುವನ್ನು ಎಬ್ಬಿಸುವ ಹನ್ನೆರಡು ನಿಮಿಷ, ಬೆಂಚಿನ ಮೇಲಿದ್ದುದನ್ನು ಎತ್ತಿಕೊಂಡು ಹೊರಡುವುದು.

ಸಂಜೆಯ ಚೀಟಿಗೆ ಸ್ವಲ್ಪ ವಿವರ ಬೇಕು, ಹೆಚ್ಚಿನ ಮನೆಗಳಲ್ಲಿ ಜಗಳ ಹುಟ್ಟುವುದು ಆ ಹೊತ್ತಿನಲ್ಲಿಯೇ. ತಾಯಿ ಒಳಗೆ ಬರುತ್ತಲೇ ಚೀಲವನ್ನು ಗೂಟಕ್ಕೆ ಹಾಕಿ ಅಡುಗೆಮನೆಗೆ ಹೋದರೆ, ದಿನವಿಡೀ ಕಾದಿದ್ದ ಮಕ್ಕಳಿಬ್ಬರೂ ಅವಳ ಹಿಂದೆಯೇ ಹೋಗುತ್ತಾರೆ. ಒಬ್ಬ ಸೆರಗು ಎಳೆಯುತ್ತಾನೆ, ಇನ್ನೊಬ್ಬಳು ದೂರು ಹೇಳುತ್ತಾಳೆ. ಅರ್ಧ ಗಂಟೆಯ ಅಡುಗೆ ಮುಕ್ಕಾಲು ಗಂಟೆಯಾಗುತ್ತದೆ. ಬದಲಾಗಿ ಕೈಕಾಲು ತೊಳೆದು ಮೊದಲು ಹತ್ತು ನಿಮಿಷ ಜಗಲಿಯಲ್ಲಿ ಕೂತರೆ, ಫೋನು ಚೀಲದಲ್ಲೇ ಇದ್ದರೆ, ಮಕ್ಕಳು ಹೇಳಬೇಕಾದದ್ದನ್ನು ಹೇಳಿ ತಾವಾಗಿಯೇ ಆಟಕ್ಕೆ ಹೋಗುತ್ತಾರೆ. ಎಲ್ಲ ದಿನವೂ ಅಲ್ಲ, ಹೆಚ್ಚಿನ ದಿನ. ಎರಡನೆಯ ಸಾಲು ಮಗಳ ಮನೆಪಾಠ: ಅಡುಗೆಮನೆಯ ಮೇಜಿನ ಬಳಿ, ತನ್ನಿಂದಾಗುವಷ್ಟು. ಆಗದ್ದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟರೆ ಅದು ತಂದೆ ಬಂದ ಮೇಲಿನ ಹದಿನೈದು ನಿಮಿಷದ ಪಾಲು. ಒಗ್ಗರಣೆ ಹಾಕುತ್ತ ಭಾಗಾಕಾರ ಹೇಳಿಕೊಟ್ಟರೆ ಒಗ್ಗರಣೆಯೂ ಸೀಯುತ್ತದೆ, ಭಾಗಾಕಾರವೂ ತಲೆಗೆ ಹೋಗುವುದಿಲ್ಲ. ಮೂರನೆಯ ಸಾಲು, ಮಲಗುವ ಮುನ್ನ ಒಂದು ಪುಟ ಕನ್ನಡ ಓದು. ಒಂದೇ ಪುಟ. ಎರಡು ಭಾಷೆಗಳ ನಡುವೆ ಶಾಲೆ ಕಲಿಯುವ ಮಕ್ಕಳಿಗೆ ಅದು ಹೆಚ್ಚುವರಿ ಪಾಠದಂತೆ ತೋರದಿರಬೇಕಾದರೆ ಅಷ್ಟು ಚಿಕ್ಕದಾಗಿಯೇ ಇರಬೇಕು.

ನಾಲ್ಕನೆಯ ಚೀಟಿ ಕೆಟ್ಟ ದಿನದ್ದು. ಮಾದರಿ ವೇಳಾಪಟ್ಟಿಗಳಲ್ಲಿ ಇದು ಎಲ್ಲಿಯೂ ಇರುವುದಿಲ್ಲ. ಕಾಸರಗೋಡಿನಂಥ ಜಿಲ್ಲೆಯಲ್ಲಿ ಇದಿಲ್ಲದೆ ಮಳೆಗಾಲ ದಾಟುವುದು ಕಷ್ಟ. ಧಾರಾಕಾರ ಮಳೆಯ ಮುನ್ಸೂಚನೆಯಿದ್ದರೆ ಜಿಲ್ಲಾಧಿಕಾರಿಗಳು ಶಾಲೆ, ಅಂಗನವಾಡಿಗಳಿಗೆ ರಜೆ ಸಾರುತ್ತಾರೆ. ಆ ಸುದ್ದಿ ಕೆಲವೊಮ್ಮೆ ಹಿಂದಿನ ಸಂಜೆ ತಲುಪುತ್ತದೆ, ಕೆಲವೊಮ್ಮೆ ಬೆಳಿಗ್ಗೆ. ಮಕ್ಕಳಿಗೆ ರಜೆ, ತಂದೆತಾಯಂದಿರಿಗೆ ಇಲ್ಲ. ಹರತಾಳದ ದಿನವೂ ಹೀಗೆಯೇ, ಬಸ್ಸಿಲ್ಲದೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಮಗುವಿಗೆ ಜ್ವರ ಬರುವುದಕ್ಕಂತೂ ಸೂಚನೆಯೇ ಇಲ್ಲ. ಇಂಥ ಬೆಳಗಿನಲ್ಲಿ ನಿಂತು ಯಾರು ರಜೆ ಹಾಕಬೇಕೆಂದು ಚರ್ಚಿಸಿದರೆ, ಕಡಿಮೆ ಸಂಬಳದವರೇ ಮನೆಯಲ್ಲಿ ಉಳಿಯುವುದು ವಾಡಿಕೆ. ಚೀಟಿಯಲ್ಲಿ ಅದನ್ನು ಮೊದಲೇ ಬರೆದಿಟ್ಟರೆ ಚರ್ಚೆಯಿಲ್ಲ: ಮೊದಲ ಸಲ ತಂದೆ, ಮುಂದಿನ ಸಲ ತಾಯಿ, ಮೂರನೆಯದಕ್ಕೆ ದೊಡ್ಡಮ್ಮನನ್ನು ಕೇಳುವುದು, ಕೇಳಿದ ದಿನ ಅವರ ಮನೆಗೆ ಬೇಕಾದ ಸಾಮಾನನ್ನು ಪೇಟೆಯಿಂದ ತಂದುಕೊಡುವುದು. ಎರಡನೆಯ ಸಾಲು, ಅಂದು ಗಂಜಿ, ಚಟ್ನಿ, ಸುಟ್ಟ ಹಪ್ಪಳ; ಬೇರೆ ಅಡುಗೆಯಿಲ್ಲ. ಮೂರನೆಯದು, ಬೇರೆಲ್ಲ ಬಿಟ್ಟರೂ ಮಕ್ಕಳು ಮಲಗುವ ಹೊತ್ತು ಮಾತ್ರ ಬದಲಾಗಬಾರದು. ನೆಲ ಒರೆಸುವುದು, ಬಟ್ಟೆ ಮಡಚುವುದು, ಮನೆಪಾಠ, ಎಲ್ಲವೂ ನಾಳೆಗೆ.

ಕೆಟ್ಟ ದಿನ ಬಂದರೆ ರೂಢಿ ತಪ್ಪಿತೆಂದು ಹೆದರಬೇಕಾಗಿಲ್ಲ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ನಡುವಿನ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನವೇ ಸಾಕಾದರೆ ಕೆಲವರ ಅಂದಾಜು 254 ದಿನಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಇಪ್ಪತ್ತೊಂದು ದಿನದಲ್ಲಿ ಎಲ್ಲವೂ ಅಭ್ಯಾಸವಾಗುತ್ತದೆಂದು ಸಾರುವ ಫಲಕಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ನಾಲ್ಕೂ ಚೀಟಿಗಳನ್ನು ಒಂದೇ ದಿನ ಆರಂಭಿಸದೆ, ರಾತ್ರಿಯದನ್ನು ಮೊದಲು ಹಿಡಿದು, ಅದು ಕೂತ ಮೇಲೆ ಸಂಜೆಯದಕ್ಕೆ ಬರುವುದು ಇದೇ ಕಾರಣಕ್ಕೆ.

ಎಲ್ಲ ಮನೆಗಳಲ್ಲಿಯೂ ರಾತ್ರಿ 7.15ಕ್ಕೆ ತಂದೆ ಬರುವುದಿಲ್ಲ. ಗಲ್ಫಿನಲ್ಲಿ ದುಡಿಯುವ ತಂದೆ ಕಾಯಿ ತುರಿಯಲಾರ. ಆದರೆ ಶಾಲೆಯ ಸಂದೇಶ ಓದುವುದು, ಕರೆಂಟು ಬಿಲ್ಲು ಕಟ್ಟುವುದು, ವೈದ್ಯರ ಭೇಟಿಗೆ ಹೆಸರು ಬರೆಸುವುದು, ಮಗಳ ಒಂದು ಪುಟ ಓದನ್ನು ವಿಡಿಯೊ ಕರೆಯಲ್ಲಿ ಕೇಳುವುದು, ಇವುಗಳನ್ನು ದುಬಾಯಿಯಿಂದಲೂ ಮಾಡಬಹುದು. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದಿರುವುದರಿಂದ ಇಲ್ಲಿ ಮಕ್ಕಳು ಮಲಗುವ ಹೊತ್ತಿಗೆ ಆತ ಇನ್ನೂ ಕೆಲಸದಲ್ಲಿರಬಹುದು. ಆಗ ಓದಿಗೆ ರಜೆಯ ದಿನಗಳೇ ಗತಿ. ಮನೆಯಲ್ಲೇ ಬೀಡಿ ಕಟ್ಟುವ ತಾಯಂದಿರ ಲೆಕ್ಕ ಬೇರೆಯೇ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಸಿಗುವಲ್ಲಿ ಜಗಲಿಯ ಹತ್ತು ನಿಮಿಷಕ್ಕೂ ಬೆಲೆಯಿದೆ. ಅವರಿಗೆ ಗಡಿಯಾರಕ್ಕಿಂತ ಕಟ್ಟಿನ ಲೆಕ್ಕ ಒಗ್ಗುತ್ತದೆ: ಇಷ್ಟು ಕಟ್ಟು ಮುಗಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟು ಏಳುವುದು, ಆ ಏಳುವಿಕೆಯಲ್ಲಿ ಮಗುವಿನ ಸ್ನಾನ, ಮತ್ತಷ್ಟು ಕಟ್ಟು, ಆಮೇಲೆ ಊಟ. ಎಲೆ ನೆನೆಸಿ ಹದಮಾಡಿ ಇಟ್ಟುಕೊಳ್ಳದೆ ಕತ್ತರಿ ಹಿಡಿಯುವಂತಿಲ್ಲವೆಂದು ಬಲ್ಲ ಅವರಿಗೆ ಮುಂದಿನ ಕೆಲಸವನ್ನು ಹಿಂದಿನ ಹೊತ್ತಿನಲ್ಲಿ ಸಿದ್ಧಪಡಿಸುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಚೀಟಿಗಳು ಹಳತಾಗುತ್ತವೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಬಸ್ಸಿನ ಹೊತ್ತು ಬದಲಾದಾಗ, ಕಿರಿಯವನು ಒಂದನೆಯ ತರಗತಿಗೆ ಸೇರಿದಾಗ ಮತ್ತೆ ಮೂರು ದಿನ ಅಳೆದು ಬೇರೆ ಬರೆಯಬೇಕು. ನಡುವೆ ಬದಲಿಸಬೇಕೆಂಬುದಕ್ಕೆ ಗುರುತೊಂದಿದೆ: ಒಂದೇ ಸಾಲು ವಾರದಲ್ಲಿ ಮೂರು ಸಲ ತಪ್ಪಿದರೆ ಆ ಸಾಲು ದೊಡ್ಡದಾಯಿತೆಂದೇ ತಿಳಿಯಬೇಕು. ಆಗ ಅದನ್ನು ಅರ್ಧಕ್ಕೆ ಕಡಿಯುವುದು; ಬಟ್ಟೆ, ಚೀಲ, ಬಾಟಲಿ ಮೂರೂ ಆಗದಿದ್ದರೆ ಬಾಟಲಿ ಮತ್ತು ಚೀಲ ಮಾತ್ರ. ಬಟ್ಟೆಯನ್ನು ಭಾನುವಾರವೇ ಐದು ಜೊತೆ ಮಡಚಿ ಕಪಾಟಿನಲ್ಲಿ ಒಂದರ ಮೇಲೊಂದಿಟ್ಟರೆ ಮಗಳೇ ಮೇಲಿನದನ್ನು ಎತ್ತಿಕೊಳ್ಳುತ್ತಾಳೆ.